ಏಳು ಡಿಗ್ರಿ ತಪ್ಪಿದ ದೇವರ ಬೆರಳು

ಎಪ್ಪತ್ತರ ದಶಕದ ಕೊನೆಯಲ್ಲಿ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಎರಕದ ಮಾಲು ಅಳೆದು ಪಾಸು ಮಾಡುವುದು ನನ್ನ ಕೆಲಸ. ಆಗಲೇ ಪಾಶ್ಚಾತ್ಯ ಜ್ಯೋತಿಷ್ಯದ ಹುಚ್ಚು ಹತ್ತಿತ್ತು. ಒಂದು ದಿನ ನನ್ನ ಕುಂಡಲಿಯಲ್ಲಿ ‘ಯೋಡ್’ ಕಂಡಿತು. ಎರಡು ಗ್ರಹಗಳ ನಡುವೆ ಅರವತ್ತು ಡಿಗ್ರಿ, ಆ ಎರಡರಿಂದಲೂ ನೂರೈವತ್ತು ಡಿಗ್ರಿಗೆ ಮೂರನೆಯದು. ಅದಕ್ಕೆ ‘ದೇವರ ಬೆರಳು’ ಎನ್ನುತ್ತಾರೆ; ಅದಿದ್ದವರು ಯಾವುದೋ ದೊಡ್ಡ ಕಾರ್ಯಕ್ಕೇ ಹುಟ್ಟಿದವರಂತೆ. ದೇವರೇ ಬೆರಳು ತೋರಿಸಿದ ಮೇಲೆ ನೌಕರಿ ಯಾಕೆಂದು ರಾಜೀನಾಮೆ ಬರೆದು ಕಿಸೆಯಲ್ಲಿಟ್ಟುಕೊಂಡೆ. ಒಂದು ಮಾತು ಕೇಳೋಣವೆಂದು, ಈ ವಿದ್ಯೆ ಬಲ್ಲ ಖಾನಾಪುರದ ನಿವೃತ್ತ ಮಾಸ್ತರರೊಬ್ಬರ ಮನೆಗೆ ಹೋದೆ.

ಮಾಸ್ತರರು ಕೋನಮಾಪಕ ಇಟ್ಟು ಅಳೆದರು.

“ರವಿ, ಚಂದ್ರ ಸರಿಯಾಗಿ ಅರವತ್ತಕ್ಕ ಅದಾವ. ಶನಿ ಮಾತ್ರ ಒಂದ ಕಡೆ ನೂರಾ ನಲವತ್ಮೂರು, ಇನ್ನೊಂದ ಕಡೆ ನೂರಾ ಐವತ್ತೇಳು. ಇದಕ್ಕ ಎರಡು-ಮೂರು ಡಿಗ್ರಿಗಿಂತ ಹೆಚ್ಚಿಗಿ ಸಡಿಲ ಬಿಡಂಗಿಲ್ಲ. ನಿಮ್ಮ ಫೌಂಡ್ರ್ಯಾಗ ಏಳು ಡಿಗ್ರಿ ಫರಕ ಬಂದ್ರ ಏನ್ ಮಾಡ್ತೀರಿ?”

“ರಿಜೆಕ್ಟ್ ರೀ.”

“ಮತ್ತ ಸ್ವಂತ ಮಾಲು ಹೆಂಗ ಪಾಸ್ ಮಾಡಿದ್ರಿ?”

ಮಾತು ತಪ್ಪಿಸಲು ಹೆಂಡತಿಯ ಕುಂಡಲಿ ಮುಂದಿಟ್ಟೆ. ಅಳೆದು ಹುಬ್ಬೇರಿಸಿದರು.

“ಇದು ಖರೇ ಪತಂಗ ನೋಡ್ರಿ, ಗಾಳಿಪಟದ ಆಕೃತಿ, ಭಾಳ ಅಪರೂಪದ್ದು. ಮೂರು ಗ್ರಹ ನೂರಿಪ್ಪತ್ತು ಡಿಗ್ರಿಗೊಂದು ಕುಂತಾವ. ನಾಲ್ಕನೇದು ಒಂದರ ಎದುರಿಗೆ, ಉಳಿದೆರಡಕ್ಕೂ ಅರವತ್ತಕ್ಕ. ಎಲ್ಲಾ ಒಂದ ಡಿಗ್ರಿ ಒಳಗ. ಆದ್ರೂ ಮೊದಲ ರವಿ, ಚಂದ್ರ, ಲಗ್ನ ನೋಡ್ರಿ. ಈ ಸಣ್ಣ ಆಕೃತಿ ಎಲ್ಲಾ ಕಡೀಕ.”

ದಾರಿಯಲ್ಲೇ ರಾಜೀನಾಮೆ ಹರಿದೆ. ಮನೆಗೆ ಬರುತ್ತಲೇ ಹೆಂಡತಿ, “ಏನಂದ್ರು?” ಅಂದಳು.

“ಸಣ್ಣ ಆಕೃತಿಗೋಳಿಗೆ ಭಾಳ ಮಹತ್ವ ಕೊಡಬಾರದಂತ” ಎಂದೆ. ಆ ಮಾತನ್ನು ನಾನು ಎಷ್ಟು ನಿಷ್ಠೆಯಿಂದ ಪಾಲಿಸಿದ್ದೇನೆಂದರೆ, ಅವಳ ಪತಂಗದ ಸುದ್ದಿ ಇವತ್ತಿಗೂ ಅವಳಿಗೆ ಗೊತ್ತಿಲ್ಲ.