ಕೆಂಪಗಾದ ಎರಡು ಬೆಟ್ಟಮ್ಮ

ಹಾಸನದ ಪಂಚಾಕ್ಷರಯ್ಯನವರ ಸೀರೆ ಅಂಗಡಿಯಲ್ಲಿ ಆಶಾರಾಣಿ ಹತ್ತೊಂಬತ್ತು ವರ್ಷದಿಂದ ಇದ್ದಾಳೆ. ಸೀರೆ ಮಡಿಸುತ್ತಾ ಬಂದವಳು ಈಗ ಕಂಪ್ಯೂಟರ್ ಮುಂದೆ ಕೂತಿದ್ದಾಳೆ. ಆದರೂ ಗಿರಾಕಿ ಬಂದರೆ ಎದ್ದು ಹೋಗಿ ಊಟ ಆಯ್ತಾ ಅನ್ನುವ ಚಾಳಿ ಬಿಟ್ಟಿಲ್ಲ.

ಹಬ್ಬಕ್ಕೆ ಗಿರಾಕಿಗಳಿಗೆಲ್ಲ ಆಮಂತ್ರಣ ಹೋಗಬೇಕು. ಹಾಸನದ ಅಂಗಡಿಯದೊಂದು ಎಕ್ಸೆಲ್ ಪಟ್ಟಿ, ಹೊಳೆನರಸೀಪುರದ ಅಂಗಡಿಯದೊಂದು. ಹೋದ ವರ್ಷ ಎಷ್ಟೋ ಮನೆಗೆ ಎರಡೆರಡು ಹೋಗಿ ಊರೆಲ್ಲ ನಕ್ಕಿತ್ತು. ಈ ಸಲ ಒಂದೂ ಎರಡಾಗಬಾರದು ಅಂತ ಯಜಮಾನರ ಕಟ್ಟಪ್ಪಣೆ.

ಆಶಾರಾಣಿ ಮೂಲ ಪಟ್ಟಿಗಳನ್ನು ಮುಟ್ಟದೆ, ಮೂರನೆಯದರಲ್ಲಿ ಎರಡನ್ನೂ ಒಂದರ ಕೆಳಗೊಂದು ಅಂಟಿಸಿದಳು. ಫೋನ್ ನಂಬರಿನ ಮುಂದಿನ ತೊಂಬತ್ತೊಂದು, ಹಿಂದುಮುಂದಿನ ಖಾಲಿ ಜಾಗ ಎಲ್ಲ ತೆಗೆದಳು. ಬರೀ ನಂಬರ್ ನೋಡಿ ಅಳಿಸಿದರೆ ಕೆಟ್ಟಿತು. ಹಳ್ಳಿಯಲ್ಲಿ ಒಂದು ಫೋನು ಇಡೀ ಬೀದಿಗೆ. ಅದಕ್ಕೇ ಹೆಸರು, ಊರು, ನಂಬರ್ ಮೂರೂ ಒಂದೇ ಇದ್ದ ಸಾಲುಗಳನ್ನು ಮಾತ್ರ ಕಂಪ್ಯೂಟರಿನಿಂದ ಕೆಂಪು ಮಾಡಿಸಿದಳು. ಒಂದೊಂದಾಗಿ ನೋಡಿ, ಕೆಳಗಿನ ಸಾಲು ಅಳಿಸುತ್ತಾ ಬಂದಳು.

ಬೆಟ್ಟಮ್ಮ, ಮಲ್ಲಿಪಟ್ಟಣ. ಮೂರೂ ಒಂದೇ. ಆಶಾರಾಣಿಯ ಕೈ ನಿಂತಿತು. ಹೋದ ವರ್ಷ ಈ ಬೆಟ್ಟಮ್ಮ ಆಮಂತ್ರಣದ ಕಾಗದವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಿದ್ದಳು. "ವೋಟಿನ ಚೀಟಿ ಬುಟ್ರೆ ನನ್ ಎಸ್ರಿಗೆ ಬಂದಿದ್ದು ಇದೊಂದೇ ಕಣವ್ವ" ಅಂದಿದ್ದಳು. ಹಾಸನ ಬಿಟ್ಟು ಬೇರೆಲ್ಲೂ ಸೀರೆ ತಗೊಂಡವಳಲ್ಲ. ಮತ್ತೆ ಹೊಳೆನರಸೀಪುರದ ಪಟ್ಟಿಗೆ ಹೇಗೆ ಬಂದಳು?

"ಅಳಿಸಮ್ಮಾ, ನಾಲ್ಕಕ್ಕೆ ಪೋಸ್ಟಿಗೆ ಹೋಗ್ಬೇಕು," ಅಂದರು ಪಂಚಾಕ್ಷರಯ್ಯ.

"ಒಂದ್ನಿಮಿಷ ಸಾ," ಅಂದವಳೇ ಆ ನಂಬರಿಗೆ ಫೋನ್ ಮಾಡಿದಳು.

ಎತ್ತಿದ್ದು ಅಲ್ಲಿಯ ಅಂಗನವಾಡಿಯ ಭಾನುಪ್ರಿಯಾ. "ಅಯ್ಯೋ, ಇಬ್ರು ಅವ್ರೆ ಕಣಕ್ಕಾ! ವಾರಗಿತ್ತೀರು. ಇಬ್ರೂ ನನ್ ನಂಬರೇ ಕೊಟ್ಟವ್ರೆ. ದೊಡ್ಡೋರು ಆಸನ್ಕೆ ಬತ್ತಾರೆ. ಚಿಕ್ಕೋರ ತೌರು ಒಳೆನರಸೀಪುರ, ಅಲ್ಲೇ ತಗೋತಾರೆ. ಓದ್ಸಲ ಒಂದೊಂದು ಕಾಗ್ದ ಇಟ್ಕಂಡ್ರು. ಚಿಕ್ಕೋರಂತೂ ಈಗ್ಲೇ ಸುರು, ಬಂತಾ ಬಂತಾ ಅಂತ."

ಆಶಾರಾಣಿ ಮತ್ತೆ ಪಟ್ಟಿ ನೋಡಿದಳು. ಅಳಿಸಲು ಹೊರಟಿದ್ದ ಕೆಳಗಿನ ಸಾಲು ಚಿಕ್ಕವಳದೇ. ಹಾಗಾದರೆ ಈಗಾಗಲೇ ಅಳಿಸಿದವರಲ್ಲಿ ಇನ್ನೆಷ್ಟು ಜನ ಚಿಕ್ಕವರಿದ್ದರೋ!

"ಸಾ, ಬೆಟ್ಟಮ್ಮ ಅನ್ನೋರು ಇಬ್ರಿದಾರೆ. ಪೋಸ್ಟು ನಾಳೆಗಿರ್ಲಿ. ಅಳಿಸಿದ್ದನ್ನ ಮೂಲ ಪಟ್ಟಿಯಿಂದ ವಾಪಸ್ ತಂದು, ಕೆಂಪಾದೋರಿಗೆಲ್ಲ ಫೋನ್ ಮಾಡ್ತೀನಿ."

ಪಂಚಾಕ್ಷರಯ್ಯ ಗಡಿಯಾರ ನೋಡಿದರು, ಅವಳ ಮುಖ ನೋಡಿದರು. "ಇಬ್ಬರಿಗೂ ಗಂಡನ ಹೆಸರು ಸೇರಿಸು. ಇಲ್ಲಾಂದ್ರೆ ಪೋಸ್ಟ್‌ಮನ್ ಬಯ್ತಾನೆ," ಅಂದು ಗಲ್ಲಾದತ್ತ ಹೋದರು.

ಅಷ್ಟರಲ್ಲಿ ಫೋನಿನಲ್ಲಿ ಇನ್ನೊಂದು ದನಿ, ಅಳುಕುತ್ತಾ: "ನಾನು ಚಿಕ್ ಬೆಟ್ಟಮ್ಮ ಕಣವ್ವ. ನನ್ ಎಸ್ರು ಐತಾ ಅಲ್ಲಿ?"

ಆಶಾರಾಣಿ ಕೆಂಪು ಸಾಲಿನ ಮೇಲಿಂದ ಕೈ ತೆಗೆದಳು.

"ಐತೆ ಕಣವ್ವ. ಇಲ್ಲೇ ಐತೆ."