ಯಂತ್ರ ಎಣಿಸದ ಎಳೆಯ ಕಣಗಳು

ಗಂಗರತ್ನಮ್ಮನವರಿಗೆ ರಕ್ತಕಣ ಎಣಿಸುವ ಯಂತ್ರದ ಮೇಲೆ ಕೋಪವಿಲ್ಲ, ಯಂತ್ರದ ಚೀಟಿ ಹಿಡಿದು ಓಡುವವರ ಮೇಲೆ ಕೋಪ. ಚಾಮರಾಜಪೇಟೆಯ ನಮ್ಮ ಪ್ರಾಣಿ ಕ್ಲಿನಿಕ್ಕಿನಲ್ಲಿ ಇಪ್ಪತ್ತಾರು ವರ್ಷದಿಂದ ರಕ್ತ ಪರೀಕ್ಷೆ ಅವರದೇ. ನಾನು ಕೌಂಟರಿನಲ್ಲಿ ಹೆಸರು, ಫೋನ್ ನಂಬರು ಬರೆದುಕೊಳ್ಳುವವನು. ಮೊದಲೆಲ್ಲ ಅವರು ಮೈಕ್ರೋಸ್ಕೋಪಿನಲ್ಲಿ ನೋಡಿದ ಮೇಲೇ ರಿಪೋರ್ಟು ಹೊರಡುತ್ತಿತ್ತು. ಈಗ ಯಂತ್ರದ ಚೀಟಿ ನೇರ ಡಾಕ್ಟರ ಮೇಜಿಗೆ ಹೋಗುತ್ತದೆ. ಸ್ಲೈಡು ನೋಡುವುದು ಆಮೇಲೆ, ಪುರುಸೊತ್ತಾದರೆ. ಇದೆಂಥ ಪದ್ಧತಿಯೋ ನನಗಂತೂ ಅರ್ಥವಾಗಿಲ್ಲ.

ಆ ಗುರುವಾರ ಬೆಳಿಗ್ಗೆ ಹೂವಿನ ವ್ಯಾಪಾರಿ ಸಿದ್ದಬಸಪ್ಪ ತಮ್ಮ ಏಳು ವರ್ಷದ ಹೆಣ್ಣು ನಾಯಿ ಚಿನ್ನಿಯನ್ನು ಕರೆತಂದರು. ಎರಡು ದಿನದಿಂದ ಊಟವಿಲ್ಲ, ವಾಂತಿ, ನೀರು ಮಾತ್ರ ಬಿಡದೆ ಕುಡಿಯುತ್ತಿದೆ. ಬಿಳಿ ರಕ್ತಕಣ ಒಂಬತ್ತು ಸಾವಿರದ ಇನ್ನೂರು ಎಂದು ಚೀಟಿ ಬಂತು. "ಕೌಂಟ್ ನಾರ್ಮಲ್ ಇದೆ" ಎಂದು ಡಾಕ್ಟರ್ ಸಮರ್ಥ ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟು, ಸಂಜೆ ಮತ್ತೆ ಬನ್ನಿ ಎಂದು ಕಳಿಸಿಬಿಟ್ಟರು.

ಹತ್ತೂವರೆಗೆ ಗಂಗರತ್ನಮ್ಮ ಸ್ಲೈಡು ಹಿಡಿದುಕೊಂಡೇ ಬಂದರು.

"ಡಾಕ್ಟ್ರೇ, ನೂರು ಬಿಳಿ ಕಣದಲ್ಲಿ ಬಲಿತ ನ್ಯೂಟ್ರೋಫಿಲ್ ಮೂವತ್ತು, ಬಲೀದೇ ಇರೋ ಬ್ಯಾಂಡ್ ನಲವತ್ನಾಲ್ಕು. ಅವುಗಳ ಒಳಗೆಲ್ಲ ನೀಲಿ, ನೊರೆನೊರೆ, ಚುಕ್ಕೆ ಬೇರೆ. ಟಾಕ್ಸಿಕ್ ಆಗಿವೆ, ಸೋಂಕಿನ ವಿಷ ತಗುಲಿದೆ."

"ರಕ್ತ ಟ್ಯೂಬಲ್ಲಿ ತುಂಬ ಹೊತ್ತು ನಿಂತ್ರೂ ನೊರೆ ಬರುತ್ತಲ್ಲಮ್ಮ."

"ನಿಂತಿಲ್ಲ. ತೆಗೆದ ಐದೇ ನಿಮಿಷಕ್ಕೆ ಸ್ಲೈಡ್ ಮಾಡಿದೀನಿ."

"ಟೋಟಲ್ ಸರಿ ಇದೆಯಲ್ಲ?"

"ಒಳಗೆಲ್ಲೋ ಕೀವಾಗಿದೆ. ಬಲಿತಿರೋದೆಲ್ಲ ಅಲ್ಲೇ ಖರ್ಚಾಗ್ತಿದೆ, ಮೂಳೆಮಜ್ಜೆ ಎಳೇದನ್ನೇ ಕಳಿಸ್ತಿದೆ. ಯಂತ್ರ ಎರಡನ್ನೂ ಒಟ್ಟಿಗೆ ಎಣಿಸಿದೆ, ಅದಕ್ಕೇ ಸರಿ ಕಾಣ್ಸುತ್ತೆ. ಹೆಣ್ಣು ನಾಯಿ, ನೀರು ಬೇರೆ ಬಿಡದೆ ಕುಡೀತಿದೆ. ವಾಪಸ್ ಕರೆಸಿ, ಗರ್ಭಕೋಶ ಸ್ಕ್ಯಾನ್ ಮಾಡಿ."

"ಸಂಜೆ ಹೇಗೂ ಬರ್ತಾರೆ. ಈಗ ಫೋನ್ ಮಾಡಿ ಹೆದರಿಸ್ಬೇಡಿ."

ಗಂಗರತ್ನಮ್ಮ ಸೀದಾ ನನ್ನ ಬಳಿ ಬಂದರು. "ಸಿದ್ದಬಸಪ್ಪನವರ ನಂಬರ್ ಕೊಡಪ್ಪ."

"ಡಾಕ್ಟ್ರು ಬೇಡ ಅಂದ್ರಲ್ಲಮ್ಮ" ಎಂದೆ. ನಂಬರು ಬರೆದ ಪುಸ್ತಕ ನನ್ನ ಎದುರಿಗೇ ತೆರೆದಿತ್ತು. ಮುಚ್ಚಿದೆ. ಅವರು ನನ್ನನ್ನೊಮ್ಮೆ ನೋಡಿ ಮತ್ತೆ ಡಾಕ್ಟರ ಕೋಣೆಗೆ ಹೋದರು. ಮಧ್ಯಾಹ್ನದೊಳಗೆ ಮೂರು ಸಲ ಹೋದರು. ಪ್ರತಿ ಸಲವೂ ಅದೇ ಉತ್ತರ. ನನಗೆ ಸಿಟ್ಟು ಉಕ್ಕುತ್ತಿತ್ತು, ಆದರೆ ಪುಸ್ತಕ ತೆರೆಯಲಿಲ್ಲ.

ಐದು ಗಂಟೆಗೆ ಸಿದ್ದಬಸಪ್ಪ ಚಿನ್ನಿಯನ್ನು ಎತ್ತಿಕೊಂಡೇ ಬಂದರು. ಅದರ ಕಾಲುಗಳು ತಣ್ಣಗಾಗಿದ್ದವು. ಸ್ಕ್ಯಾನಿನಲ್ಲಿ ಗರ್ಭಕೋಶದ ತುಂಬ ಕೀವು. ಡ್ರಿಪ್ಪು, ಆಂಟಿಬಯಾಟಿಕ್ಕು ಎಲ್ಲ ಹಾಕಿದರು, ಆಪರೇಷನ್ನಿಗೆ ಸಿದ್ಧ ಮಾಡಿದರು. ರಕ್ತದೊತ್ತಡ ಮೇಲೇಳಲೇ ಇಲ್ಲ. ಏಳರ ಹೊತ್ತಿಗೆ ಪ್ರಾಣ ಹೋಯಿತು.

"ಬೆಳಿಗ್ಗೆ ರಕ್ತ ಚೆನ್ನಾಗಿತ್ತು ಅಂದ್ರಲ್ಲ?" ಸಿದ್ದಬಸಪ್ಪ ಯಾರನ್ನೆಂದಿಲ್ಲದೆ ಕೇಳಿದರು.

"ಚೆನ್ನಾಗಿರಲಿಲ್ಲ ಅಣ್ಣ" ಎಂದರು ಗಂಗರತ್ನಮ್ಮ. "ಹತ್ತೂವರೆಗೇ ನನಗೆ ಗೊತ್ತಾಗಿತ್ತು. ನಿಮಗೆ ಫೋನ್ ಮಾಡ್ಲಿಲ್ಲ."

ನಾನು ನಂಬರು ಕೊಡಲಿಲ್ಲವೆಂದು ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ.