ಕೆಳಮನೆಯ ಎರಡು ಕೋಣೆ

ಟೆಲಿಫೋನಮ್ಮ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತು ಊರೂರನ್ನು ಜೋಡಿಸಿದ ಹೆಂಗಸು. ನಿವೃತ್ತಿಯಾಗಿ ವರ್ಷಗಳಾದರೂ ಬಾಗಿಲು ತಟ್ಟಿದವರಿಗೆ ‘ಯಾರು ಬೇಕು?’ ಎಂದು ಅದೇ ಚುರುಕಿನಲ್ಲಿ ಕೇಳುತ್ತಿದ್ದರು. ಗಂಡ ಸರ್ವೆಯರ್. ಸರಪಳಿ ಹಿಡಿದು ಕಂಡವರ ಜಮೀನನ್ನೆಲ್ಲ ಅಳೆದು ಗಡಿ ತೋರಿಸಿಕೊಟ್ಟ ಮನುಷ್ಯ. ಮಕ್ಕಳಿರಲಿಲ್ಲ. ಇದ್ದದ್ದು ಆತನ ತಂದೆ ಕಟ್ಟಿಸಿದ, ಈಗ ಟೆಲಿಫೋನಮ್ಮನ ಹೆಸರಿಗಿದ್ದ ಒಂದು ಮಹಡಿ ಮನೆ. ಮೇಲೆ ಇವರು, ಕೆಳಗಿನ ಎರಡು ಕೋಣೆಯಲ್ಲಿ ಬಾಡಿಗೆಗೆ ಪುಸ್ತಕಕ್ಕೆ ಬೈಂಡ್ ಹಾಕುವ ಬೈಂಡರ್ ಮಾಮ.

ಮಾಮ ಎಂದರೆ ರಕ್ತಸಂಬಂಧವಲ್ಲ. ಸರ್ವೆಯರ್ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲಕ್ಕೇ ಆತ ಆ ಮನೆಗೆ ಬಾಡಿಗೆಗೆ ಬಂದಿದ್ದ. ಆಗ ಬಾಡಿಗೆ ನಿಯಂತ್ರಣದ ಅಧಿಕಾರಿ ಬಂದು ನೋಡಿ ಗೊತ್ತುಮಾಡಿದ ಬಾಡಿಗೆಯೇ ಈಗಲೂ ನಡೆಯುತ್ತಿತ್ತು. ಒಂದು ತಿಂಗಳ ಬಾಡಿಗೆಗೆ ಒಂದು ಪ್ಲಾಸ್ಟಿಕ್ ಬಕೆಟ್ಟೂ ಬರುತ್ತಿರಲಿಲ್ಲ. ಆದರೂ ಯಾರೂ ಅದನ್ನು ಎತ್ತಿ ಆಡಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರು. ಕೆಳಗಿನಿಂದ ಅಂಟಿನ ವಾಸನೆ, ಕಾಗದ ಕತ್ತರಿಸುವ ಸದ್ದು ಬರುತ್ತಿದ್ದರೆ ಮನೆ ತುಂಬಿದ ಹಾಗೆ ಇರುತ್ತಿತ್ತು. ಮಾಮನ ಮಗಳು ಗಂಡನ ಮನೆಯಲ್ಲಿ ಬಾಳಲಾಗದೆ ವಾಪಸು ಬಂದಾಗ ಅವಳ ಟ್ರಂಕನ್ನು ಒಳಗೆ ಎತ್ತಿಟ್ಟವರು ಸರ್ವೆಯರೇ. ಅವರು ಅವಳಿಗೆ ಅಣ್ಣ, ಟೆಲಿಫೋನಮ್ಮ ಅತ್ತಿಗೆ.

ಎಲ್ಲ ಕೆಟ್ಟದ್ದು ಸರ್ವೆಯರಿಗೆ ಲಕ್ವ ಹೊಡೆದ ಮೇಲೆ. ಎಡಗೈ ಎಡಗಾಲು ಎರಡೂ ಹೋದವು. ಆಸ್ಪತ್ರೆಯಿಂದ ಬಂದ ದಿನ ನಾಲ್ಕು ಜನ ಸೇರಿ ಕುರ್ಚಿಯಲ್ಲಿ ಕೂರಿಸಿ ಮೇಲೆ ಹೊತ್ತರು. ಇಪ್ಪತ್ತೆರಡು ಮೆಟ್ಟಿಲು, ಮಧ್ಯೆ ಒಂದು ತಿರುವು. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕು, ಅಷ್ಟು ಇಕ್ಕಟ್ಟು. ಆಮೇಲೆ ಡಾಕ್ಟರ ಹತ್ತಿರ ಹೋಗಬೇಕೆಂದರೆ ಹೊರುವವರನ್ನು ಹುಡುಕಬೇಕು. ಹೊಲ ಹೊಲ ಅಲೆದು ಬದುಕಿದ ಮನುಷ್ಯ ಕಿಟಕಿಯ ಪಕ್ಕದ ಮಂಚಕ್ಕೆ ಬಿದ್ದ. ‘ನನ್ನನ್ನ ಬೀರು ಥರ ಎತ್ತಿ ಇಳಿಸ್ತಾರಲ್ಲೇ’ ಎಂದು ಒಮ್ಮೆ ನಕ್ಕರು. ಆ ನಗು ಬಹಳ ದಿನ ಉಳಿಯಲಿಲ್ಲ.

ಒಂದು ಸಂಜೆ ಟೆಲಿಫೋನಮ್ಮ ಕೆಳಗಿಳಿದು ಬಂದರು.

‘ಮಾಮ, ಒಂದು ಮಾತು ಕೇಳ್ತೀನಿ. ನೀವು ಮೇಲೆ ಹೋಗಿ, ನಾವು ಕೆಳಗೆ ಬರ್ತೀವಿ. ಮೇಲೆ ಮೂರು ಕೋಣೆ ಇದೆ, ಗಾಳಿ ಬೆಳಕು ಚೆನ್ನಾಗಿದೆ. ಬಾಡಿಗೆ ಇಷ್ಟೇ ಇರಲಿ.’

ಮಾಮ ಕೈಗೆ ಮೆತ್ತಿದ್ದ ಅಂಟು ಒರೆಸಿಕೊಂಡ. ‘ಇದಕ್ಕೆ ಇಷ್ಟು ಸಂಕೋಚ ಯಾಕಮ್ಮಾ? ಅವನು ನನ್ನ ಕಣ್ಣೆದುರು ಬೆಳೆದ ಹುಡುಗ. ಭಾನುವಾರ ಸಾಮಾನು ಸಾಗಿಸೋಣ.’

ಆ ರಾತ್ರಿ ಸರ್ವೆಯರ್ ಗೊರಕೆ ಹೊಡೆದು ಮಲಗಿದರು. ಆದರೆ ಮಾರನೆಯ ದಿನ ಮಾಮ ಮೆಟ್ಟಿಲು ಹತ್ತಿ ಬಂದು ಹೊಸ್ತಿಲಲ್ಲೇ ನಿಂತ. ಬೈಂಡಿಂಗಿಗೆ ಕಾನೂನು ಪುಸ್ತಕ ತಂದುಕೊಡುತ್ತಿದ್ದ ವಕೀಲರೊಬ್ಬರ ಹತ್ತಿರ ಮಾತಿಗೆ ಮಾತು ಬಂದು ಈ ವಿಷಯ ಹೇಳಿದ್ದನಂತೆ.

‘ಕೆಳಗಿನದನ್ನ ಬಿಟ್ಟುಕೊಟ್ಟ ದಿನವೇ ನನ್ನ ಹಳೇ ಹಕ್ಕು ಮುಗೀತಂತಮ್ಮಾ. ಮೇಲಿನದು ಹೊಸ ಬಾಡಿಗೆ ಆಗುತ್ತಂತೆ. ಹೊಸ ಬಾಡಿಗೆಗೆ ಹಳೇ ಕಾಯ್ದೆಯ ರಕ್ಷಣೆ ಇಲ್ಲವಂತೆ. ಯಾವತ್ತು ಬೇಕಾದ್ರೂ ಎಬ್ಬಿಸಬಹುದಂತೆ.’

‘ನಾವು ಎಬ್ಬಿಸ್ತೀವಾ ಮಾಮ?’

‘ನೀವು ಎಬ್ಬಿಸಲ್ಲ. ನಿಮ್ಮ ಕಾಲ ಆದ್ಮೇಲೆ? ಈ ಮನೆ ಯಾರ ಕೈಗೆ ಹೋಗುತ್ತೋ! ನನ್ನ ಮಗಳಿಗೆ ಈ ಎರಡು ಕೋಣೆ ಬಿಟ್ರೆ ತಲೆ ಮೇಲೆ ಸೂರಿಲ್ಲ.’

ತಮ್ಮ ನಂತರ ಮನೆ ಗಂಡನ ಅಣ್ಣನ ಮಕ್ಕಳಿಗೆ ಹೋಗುತ್ತದೆ. ಆ ಮಕ್ಕಳು ಎಂಥವರೆಂದು ಟೆಲಿಫೋನಮ್ಮನಿಗೂ ಗೊತ್ತಿತ್ತು. ಮಂಚದ ಮೇಲಿಂದ ಸರ್ವೆಯರ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ‘ಹೋಗ್ಲಿ ಬಿಡು ಮಾಮ’ ಎಂದರು. ಮಾಮ ತಲೆ ತಗ್ಗಿಸಿಕೊಂಡು ಇಳಿದು ಹೋದ.

ನಾಲ್ಕು ತಿಂಗಳಾದ ಮೇಲೆ, ಹೊರುವವರ ಕೈಜಾರಿ ಸರ್ವೆಯರ್ ತಿರುವಿನಲ್ಲಿ ಕುರ್ಚಿ ಸಮೇತ ಬಿದ್ದರು. ಭುಜ ಮುರಿಯಿತು. ಟೆಲಿಫೋನಮ್ಮ ಬೇರೊಬ್ಬ ವಕೀಲರ ಮನೆ ಹುಡುಕಿಕೊಂಡು ಹೋದರು.

‘ನನ್ನ ಮನೆ ನನಗೆ ಬೇಕು ಅಂದ್ರೆ ಸಾಲದಾ ಸಾರ್? ಕರಾರು ಮುಗಿದು ಎಷ್ಟೋ ಕಾಲ ಆಯ್ತು.’

‘ಕರಾರು ಮುಗಿದ್ರೂ ಆತ ಬಾಡಿಗೆದಾರನೇ ಅಮ್ಮ. ಈಗ ಆತ ಇರೋದು ನಿಮ್ಮ ಕರಾರಿನ ಬಲದಿಂದಲ್ಲ, ಕಾಯ್ದೆಯ ಬಲದಿಂದ. ಕಾಯ್ದೆ ಹೇಳಿದ ಕಾರಣ ಇದ್ರೆ ಮಾತ್ರ ಬಿಡಿಸಬಹುದು. ಬಾಡಿಗೆ ಕೊಡದೆ ಇರಬೇಕು, ಇಲ್ಲ ಬೇರೆಯವರಿಗೆ ಒಳಬಾಡಿಗೆ ಕೊಟ್ಟಿರಬೇಕು, ಇಲ್ಲ ಮನೆ ಹಾಳು ಮಾಡಿರಬೇಕು. ಇಲ್ಲವೇ ನಿಮಗೆ ನಿಜವಾದ ಅಗತ್ಯ ಇರಬೇಕು. ನಿಮ್ಮದು ಕೊನೆಯದು. ಆದ್ರೆ ಅಗತ್ಯ ಇದ್ರಷ್ಟೇ ಸಾಲದು. ಬಿಡಿಸಿದ್ರೆ ಆತನಿಗೆ ಎಷ್ಟು ಕಷ್ಟ, ಬಿಡಿಸದಿದ್ರೆ ನಿಮಗೆ ಎಷ್ಟು ಕಷ್ಟ, ಎರಡನ್ನೂ ಕೋರ್ಟು ತೂಗಿ ನೋಡುತ್ತೆ.’

ಹಾಗೆ ಅರ್ಜಿ ಬಿತ್ತು. ‘ಅರ್ಜಿದಾರರ ಪತಿಗೆ ಮಹಡಿ ಹತ್ತಿ ಇಳಿಯಲು ಸಾಧ್ಯವಿಲ್ಲದ ಕಾರಣ’ ಎಂದು ವಕೀಲರು ಬರೆಸಿದರು. ಮೆಟ್ಟಿಲ ಮೇಲಿನ ಮಾತುಕತೆ ಅಂದಿಗೇ ನಿಂತಿತು. ಕೇಸು ಹಾಕಿದ ಮೇಲೆ ಬಾಡಿಗೆ ಕೈಯಲ್ಲಿ ತೆಗೆದುಕೊಳ್ಳಲು ಟೆಲಿಫೋನಮ್ಮನಿಗೆ ಮನಸ್ಸಾಗಲಿಲ್ಲ. ಮಾಮ ಮನಿಯಾರ್ಡರ್ ಮಾಡಿದ. ಅದೂ ವಾಪಸು ಹೋದಾಗ ತಿಂಗಳು ತಪ್ಪದೆ ಕೋರ್ಟಿನಲ್ಲೇ ಕಟ್ಟತೊಡಗಿದ. ಬಾಕಿ ಎಂದು ಬೆರಳು ತೋರಿಸಲು ಒಂದು ತಿಂಗಳೂ ಸಿಗಲಿಲ್ಲ.

ಒಂದೂವರೆ ವರ್ಷ ಬರೀ ತಾರೀಖು. ಒಬ್ಬ ನ್ಯಾಯಾಧೀಶರಿಗೆ ವರ್ಗವಾಯಿತು, ಹೊಸಬರು ಬರಲು ಐದು ತಿಂಗಳು ಹಿಡಿಯಿತು. ಆಮೇಲೆ ಮನೆ ನೋಡಿ ವರದಿ ಕೊಡಲೆಂದು ಕೋರ್ಟು ಒಬ್ಬ ಎಳೆಯ ವಕೀಲರನ್ನು ಕಮಿಷನರ್ ಮಾಡಿ ಕಳಿಸಿತು. ಆತ ಮೆಟ್ಟಿಲು ಎಣಿಸಿದರು, ಕೆಳಗಿನ ಕೋಣೆ, ಮೇಲಿನ ಕೋಣೆ ಎಲ್ಲ ಅಳೆದರು. ಮಂಚದ ಮೇಲಿಂದ ನೋಡುತ್ತಿದ್ದ ಸರ್ವೆಯರಿಗೆ ತಡೆಯಲಾಗಲಿಲ್ಲ.

‘ಟೇಪು ಜೋತುಬಿದ್ದಿದೆ ನೋಡಪ್ಪಾ. ಬಿಗಿಯಾಗಿ ಹಿಡಿ. ಇಲ್ಲದಿದ್ರೆ ನಮ್ಮ ಮನೆ ಇರೋದಕ್ಕಿಂತ ದೊಡ್ಡದಾಗಿ ಬಿಡುತ್ತೆ.’

ಎಲ್ಲರೂ ನಕ್ಕರು. ಟೇಪಿನ ಇನ್ನೊಂದು ತುದಿ ಹಿಡಿದಿದ್ದ ಮಾಮನ ಮಗಳೂ ನಕ್ಕಳು. ಮರುಕ್ಷಣ ಯಾಕೆ ನಕ್ಕೆನೋ ಎಂಬಂತೆ ಸೆರಗು ಬಾಯಿಗೆ ಅಡ್ಡ ಹಿಡಿದಳು.

ಮೂರನೆಯ ವರ್ಷ ಮಾಮ ತೀರಿಕೊಂಡ. ಟೆಲಿಫೋನಮ್ಮ ಕೆಳಗಿಳಿದು ಹೋಗಿ ಮಗಳ ಪಕ್ಕ ಕೂತು ಅತ್ತರು. ಹದಿನೈದು ದಿನಕ್ಕೆ ಅವರ ವಕೀಲರು ಹೇಳಿ ಕಳಿಸಿದರು.

‘ಈಗ ಒಂದು ದಾರಿ ಇದೆ. ಬಾಡಿಗೆದಾರ ಸತ್ತಾಗ, ಆತನ ಜೊತೆಯಲ್ಲೇ ವಾಸ ಇದ್ದ ಮನೆಯವರಿಗೆ ಮಾತ್ರ ಈ ಹಕ್ಕು ಹೋಗುತ್ತೆ. ಮದುವೆಯಾದ ಮಗಳು. ಇವಳ ರೇಷನ್ ಕಾರ್ಡು, ಓಟಿನ ಚೀಟಿ ಎರಡೂ ಇನ್ನೂ ಗಂಡನ ಊರಲ್ಲೇ ಇವೆ. ಅಪ್ಪನಿಗೆ ಹುಷಾರಿಲ್ಲ ಅಂತ ಕೊನೇಲಿ ನೋಡ್ಕೊಳ್ಳೋಕೆ ಬಂದಿದ್ಲು, ಅಷ್ಟೇ ಅಂತ ನೀವು ಕಟಕಟೆಯಲ್ಲಿ ಹೇಳಿದ್ರೆ ಸಾಕು. ಅವಳ ಪರ ಸಾಕ್ಷಿ ಹೇಳೋರು ಯಾರೂ ಇಲ್ಲ.’

ಟೆಲಿಫೋನಮ್ಮ ಮನೆಗೆ ಬಂದು ಗಂಡನಿಗೆ ತಿಳಿಸಿದರು. ಸರ್ವೆಯರ್ ಬಲಗೈಯಿಂದ ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹೇಳಿಬಿಡು ಎನ್ನುವಂತಿತ್ತು ಆ ಹಿಡಿತ. ಆ ದಿನಗಳಲ್ಲಿ ಅವರ ಬೆನ್ನಿನಲ್ಲಿ ಹುಣ್ಣಾಗತೊಡಗಿತ್ತು.

ಕಟಕಟೆಯಲ್ಲಿ ನಿಂತ ಟೆಲಿಫೋನಮ್ಮನನ್ನು ಎದುರು ವಕೀಲರು ಸುತ್ತಿ ಬಳಸದೆ ಕೇಳಿದರು. ‘ಈಕೆ ತಂದೆಯ ಜೊತೆ ಎಷ್ಟು ವರ್ಷದಿಂದ ಇದ್ದಾಳೆ?’

ಮಾಮನ ಮಗಳು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಅವಳು ಟೆಲಿಫೋನಮ್ಮನ ಕಡೆ ನೋಡಲಿಲ್ಲ. ತನ್ನ ಉಗುರಲ್ಲಿ ಒಣಗಿದ್ದ ಅಂಟನ್ನು ಕೆರೆಯುತ್ತಿದ್ದಳು.

‘ಎಂಟು ವರ್ಷ’ ಎಂದರು ಟೆಲಿಫೋನಮ್ಮ. ‘ಬಂದ ದಿನ ಅವಳ ಟ್ರಂಕು ಎತ್ತಿಟ್ಟಿದ್ದು ನಮ್ಮೆಜಮಾನ್ರೇ.’

ಅವರ ವಕೀಲರು ಕೈಲಿದ್ದ ಪೆನ್ನನ್ನು ಮೇಜಿನ ಮೇಲೆ ಎಸೆದರು. ಅಲ್ಲಿಗೆ ಮಗಳು ತಂದೆಯ ಜಾಗಕ್ಕೆ ಬಾಡಿಗೆದಾರಳಾಗಿ ನಿಂತಳು. ಕೇಸು ಮೊದಲಿನ ಹಾಗೆ ಮುಂದುವರಿಯಿತು.

ಮನೆಗೆ ಬಂದು ಹೇಳಿದಾಗ ಸರ್ವೆಯರ್ ಗೋಡೆಯ ಕಡೆ ಮುಖ ತಿರುಗಿಸಿದರು. ಮೂರನೆಯ ದಿನ ಅನ್ನ ತಿನ್ನಿಸುವಾಗ ಹೇಳಿದರು.

‘ನೀನು ಹೇಳಿದ್ದು ನಿಜವೇ. ಆದ್ರೆ ಸರಿ ಮಾಡಿದೆ ಅನ್ನೋ ಮಾತು ನನ್ನ ಬಾಯಿಂದ ಬರಲಿ ಅಂತ ಕಾಯಬೇಡ. ಇಲ್ಲಿ ಮಲಗಿರೋನು ನಾನು.’

ಅದಾದ ಮೇಲೆ ಅವರು ಎರಡು ವರ್ಷ ಬದುಕಿದರು. ಕೆಳಗೆ ಇಳಿದದ್ದು ಐದೇ ಸಲ. ಬೆನ್ನಿನ ಹುಣ್ಣು ಮಾಯಲೇ ಇಲ್ಲ. ಒಂದು ಬೆಳಿಗ್ಗೆ ಟೆಲಿಫೋನಮ್ಮ ಮುಖ ತೊಳೆಸಲು ನೀರು ತಂದಾಗ ಉಸಿರು ನಿಂತಿತ್ತು.

ದೇಹವನ್ನು ಮಲಗಿಸಿಯೇ ಇಳಿಸಲು ತಿರುವಿನಲ್ಲಿ ಆಗಲಿಲ್ಲ. ಕುರ್ಚಿಗೆ ಸೀರೆಯಿಂದ ಕಟ್ಟಿ ಇಳಿಸಿದರು. ಕೊನೆಯ ಮೆಟ್ಟಿಲಿಗೆ ಬಂದಾಗ ಕೆಳಮನೆಯ ಬಾಗಿಲು ಹಾರುಹೊಡೆದಿತ್ತು. ಮಾಮನ ಮಗಳು ಕಾಗದದ ಕಟ್ಟು, ಹೊಲಿಗೆಯ ಚೌಕಟ್ಟು ಎಲ್ಲವನ್ನೂ ಒಳಗೆ ತಳ್ಳಿ, ಮುಂದಿನ ಕೋಣೆ ಗುಡಿಸಿ ಚಾಪೆ ಹಾಸಿದ್ದಳು.

‘ಬೀದಿಯಲ್ಲಿ ಬೇಡ ಅತ್ತಿಗೆ. ಅಣ್ಣನ್ನ ಇಲ್ಲಿ ಮಲಗಿಸಿ.’

ಮಧ್ಯಾಹ್ನದವರೆಗೆ ಸರ್ವೆಯರ್ ಆ ಕೋಣೆಯಲ್ಲಿ ಮಲಗಿದ್ದರು. ಬಂದವರೆಲ್ಲ ಅಲ್ಲೇ ನೋಡಿ ಹೋದರು. ಟೆಲಿಫೋನಮ್ಮ ಗೋಡೆಗೆ ಒರಗಿ ಕೂತು, ಮಂಚ ಎಲ್ಲಿ ಹಾಕಬಹುದಿತ್ತು, ಕಿಟಕಿ ಯಾವ ಕಡೆ ಇರುತ್ತಿತ್ತು ಎಂದು ಕಣ್ಣಲ್ಲೇ ಅಳೆಯುತ್ತಿದ್ದರು. ಅಳು ಬರಲಿಲ್ಲ. ಅದಕ್ಕೇ ಅವರಿಗೆ ಭಯವಾಯಿತು.

ಮುಂದಿನ ತಾರೀಖಿನಲ್ಲಿ ಎದುರು ವಕೀಲರು ಮರಣ ಪ್ರಮಾಣಪತ್ರದ ನಕಲು ಕೊಟ್ಟು ಎರಡೇ ಮಾತಾಡಿದರು. ಅಗತ್ಯ ಇದ್ದದ್ದು ಪತಿಗೆ. ಪತಿಯೇ ಇಲ್ಲ, ಅಗತ್ಯವೂ ಇಲ್ಲ. ನ್ಯಾಯಾಧೀಶರು ಕನ್ನಡಕ ತೆಗೆದು ಟೆಲಿಫೋನಮ್ಮನ ಕಡೆ ಸ್ವಲ್ಪ ಹೊತ್ತು ನೋಡಿದರು. ನೋಡಿದ್ದು ಕನಿಕರದಿಂದಲೇ. ಅರ್ಜಿ ವಜಾ ಆಯಿತು.

ಹೊರಗೆ ವರಾಂಡದಲ್ಲಿ ವಕೀಲರು ಕೇಳಿದರು. ‘ನಿಮ್ಮ ಮಂಡಿ ಹೇಗಿದೆ?’

‘ಎರಡೂ ಹೋಗಿವೆ. ಮೆಟ್ಟಿಲು ಕೂತ್ಕೊಂಡೇ ಇಳಿದು ಬಂದೆ.’

‘ಹಾಗಾದ್ರೆ ಡಾಕ್ಟರ ಸರ್ಟಿಫಿಕೇಟ್ ತನ್ನಿ. ಈ ಸಲ ನಿಮ್ಮದೇ ಅಗತ್ಯ. ಹೊಸ ಅರ್ಜಿ, ಮೊದಲಿಂದ ಶುರು ಮಾಡಬೇಕು.’

‘ಎಷ್ಟು ವರ್ಷ?’

ವಕೀಲರು ಫೈಲು ಕಟ್ಟಿದರು. ಟೆಲಿಫೋನಮ್ಮನಿಗೆ ಆಗ ಅರವತ್ತೆಂಟು. ಮೂರು ತಿಂಗಳು ಯೋಚಿಸಿದರು. ಅಂಗಡಿಗೆ ಹೋಗಲಾಗದೆ ಕಿಟಕಿಯಿಂದ ಬುಟ್ಟಿ ಇಳಿಬಿಟ್ಟು ತರಕಾರಿ ತೆಗೆದುಕೊಳ್ಳುವ ದಿನಗಳು ಬಂದವು. ಎಷ್ಟೋ ಸಲ ಕೆಳಗೆ ಬುಟ್ಟಿಗೆ ಹಾಲಿನ ಪೊಟ್ಟಣ ಇಡುತ್ತಿದ್ದವಳು ಮಾಮನ ಮಗಳೇ. ಕೊನೆಗೆ ಹೊಸ ಅರ್ಜಿಗೆ ಸಹಿ ಹಾಕಿದರು.

ನೋಟೀಸು ಹಿಡಿದು ಕೋರ್ಟಿನ ಅಮೀನ ಬಂದಾಗ ಕೆಳಗೆ ಬೀಗ. ಆತ ಕತ್ತೆತ್ತಿ ಕೂಗಿದ.

‘ಕೆಳಗಿನವರು ಎಲ್ಲಮ್ಮಾ? ಇಲ್ಲದಿದ್ರೆ ಬಾಗಿಲಿಗೆ ಅಂಟಿಸಿ ಹೋಗ್ತೀನಿ.’

ಟೆಲಿಫೋನಮ್ಮ ಕಿಟಕಿಗೆ ಬಂದರು.

‘ಅಂಟಿಸಬೇಡಪ್ಪಾ, ಬೀದಿಯವರೆಲ್ಲ ನೋಡ್ತಾರೆ. ಬೈಂಡ್ ಮಾಡಿದ್ದು ಕೊಟ್ಟು ಬರೋಕೆ ಹೋಗಿದ್ದಾಳೆ. ಐದು ಗಂಟೆಗೆ ಬಾ, ಇರ್ತಾಳೆ.’

ಅಮೀನ ಗೊಣಗುತ್ತಾ ಸೈಕಲ್ ತಿರುಗಿಸಿದ. ಟೆಲಿಫೋನಮ್ಮ ಕಿಟಕಿಯ ಸರಳು ಹಿಡಿದು ಅಲ್ಲೇ ನಿಂತರು.